ಹತ್ತು ನಿಮಿಷದ ಭಾಷಣ ಐದೇ ನಿಮಿಷದಲ್ಲಿ

ಸಭೆ ಶುರುವಾಗುವುದೇ ತಡ. ಸ್ವಾಗತ, ಹಾರ-ತುರಾಯಿ, ದೀಪ ಬೆಳಗುವುದು ಎಲ್ಲ ಮುಗಿಯುವಷ್ಟರಲ್ಲಿ ನಿರೂಪಕರು ಭಾಷಣಕಾರರ ಹತ್ತಿರ ಬಗ್ಗಿ, ‘ಸಾರ್, ಐದು ನಿಮಿಷದಲ್ಲಿ ಮುಗಿಸಿಕೊಡಿ’ ಎನ್ನುತ್ತಾರೆ. ಆಗ ಹೆಚ್ಚಿನವರು ಓಟದ ಧಾಟಿಯಲ್ಲಿ ಮಾತಾಡುತ್ತಾರೆ, ಇಲ್ಲವೇ ಮೊದಲಿನಿಂದ ಶುರುಮಾಡಿ ಸಮಯ ಮುಗಿದಲ್ಲಿ ನಿಲ್ಲಿಸುತ್ತಾರೆ. ಎರಡನೆಯದು ಹೆಚ್ಚು ಅಪಾಯ. ನಮ್ಮ ಭಾಷಣಗಳಲ್ಲಿ ಪೀಠಿಕೆ ಉದ್ದ, ಹೇಳಬೇಕಾದ ಮಾತು ಕೊನೆಯಲ್ಲಿ. ಹಾಗಾಗಿ ಕತ್ತರಿ ಬೀಳುವುದು ಅದಕ್ಕೇ.

ಒಂದು ಭಾಷಣವನ್ನು ಕಲ್ಪಿಸಿಕೊಳ್ಳೋಣ. ವಿಷಯ ಊರ ಕೆರೆ. ವಾದ ಇಷ್ಟೇ: ಕೆರೆಯ ಹೂಳೆತ್ತುವ ಮೊದಲು ಕೆರೆಗೆ ನೀರು ತರುವ ಕಾಲುವೆಗಳನ್ನು ಬಿಡಿಸಬೇಕು. ಹತ್ತು ನಿಮಿಷ ಹೀಗೆ ಹಂಚಿಹೋಗಿದೆ: ವೇದಿಕೆಯ ಗಣ್ಯರಿಗೆ ವಂದನೆ ಒಂದು ನಿಮಿಷ, ಕೆರೆಯ ಇತಿಹಾಸ ಎರಡು, ಹೂಳೆತ್ತುವ ಖರ್ಚು-ವೆಚ್ಚ ಒಂದೂವರೆ, ನೀರು ಯಾಕೆ ಬರುತ್ತಿಲ್ಲ ಎಂಬ ಕಾರಣ ಎರಡು, ಮೂರು ಊರುಗಳ ಉದಾಹರಣೆ ಎರಡೂವರೆ, ಏನು ಮಾಡಬೇಕು ಎಂಬುದು ಒಂದು.

ಎಲ್ಲ ಭಾಗಗಳನ್ನೂ ಅರ್ಧರ್ಧ ಮಾಡಿದರೆ ನ್ಯಾಯವಾಯಿತು ಅನಿಸಬಹುದು. ಆದರೆ ಹಾಗೆ ಮಾಡಿದರೆ ಕಾರಣವೂ ಅರ್ಧವಾಗುತ್ತದೆ, ಅರ್ಧ ಕಾರಣವನ್ನು ಯಾರೂ ಒಪ್ಪುವುದಿಲ್ಲ. ಅದಕ್ಕೆ ಮೊದಲು ವಾದವನ್ನು ಒಂದು ಚೀಟಿಯಲ್ಲಿ ಒಂದೇ ವಾಕ್ಯದಲ್ಲಿ ಬರೆದು, ಭಾಷಣದ ಒಂದೊಂದು ಭಾಗವನ್ನೂ ಅದರ ಪಕ್ಕ ಇಟ್ಟು ನೋಡಬೇಕು. ಈ ಭಾಗ ತೆಗೆದರೆ ಕೇಳುವವರು ‘ಯಾಕೆ?’ ಎಂದು ಕೇಳುತ್ತಾರೆಯೇ? ಕೇಳುತ್ತಾರೆಂದರೆ ಅದು ಉಳಿಯಬೇಕು. ಕೇಳದಿದ್ದರೆ, ಎಷ್ಟೇ ಚೆನ್ನಾಗಿರಲಿ, ಪೂರ್ತಿ ಹೋಗಲಿ.

ಈ ಲೆಕ್ಕದಲ್ಲಿ ಇತಿಹಾಸ ಹೋಯಿತು. ಯಾವ ಪಾಳೇಗಾರ ಕಟ್ಟಿಸಿದ ಕೆರೆ ಎಂದು ತಿಳಿಯದಿದ್ದರೂ ಕಾಲುವೆ ಮುಚ್ಚಿದ್ದು ಅರ್ಥವಾಗುತ್ತದೆ. ವಂದನೆ ಹದಿನೈದು ಸೆಕೆಂಡಿಗೆ ಇಳಿಯಿತು. ಹೆಸರು ಬಿಟ್ಟುಹೋದವರಿಗೆ ಬೇಸರವಾಗಬಹುದು, ಆದರೆ ಕೇಳುವವರಿಗೆ ಖುಷಿಯೇ. ಮೂರು ಊರುಗಳಲ್ಲಿ ಒಂದೇ ಉಳಿಯಿತು, ಅದೂ ವಿವರವಾಗಿ: ಯಾವ ತಿರುವಿನಲ್ಲಿ ಕಾಲುವೆ ಮುಚ್ಚಿತ್ತು, ಬಿಡಿಸಿದ ಮೇಲೆ ಬಂದ ಮೊದಲ ಮಳೆಗೆ ಏನಾಯಿತು. ಮೂರು ಊರುಗಳನ್ನು ಬರೀ ಹೆಸರಿಸಿದರೆ ಒಂದೂ ಕಣ್ಣಿಗೆ ಕಟ್ಟುವುದಿಲ್ಲ. ಇದಕ್ಕೆ ಒಂದೂಕಾಲು ನಿಮಿಷ.

ಕಾರಣದ ಎರಡು ನಿಮಿಷ ಹಾಗೇ ಇರಲಿ. ಅದರೊಳಗಿನ ಅಂಕಿಗಳನ್ನು ಮಾತ್ರ ತೆಗೆದು, ವಾದವನ್ನು ಹೊರುವ ಒಂದನ್ನು ಉಳಿಸಿಕೊಂಡರೆ ಸಾಕು: ಒಂದು ಹೆಕ್ಟೇರಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ ಲೀಟರ್ ನೀರು. ನೆಲ ಹೀರಿ ಮಿಕ್ಕದ್ದು ಕೆರೆಗೆ ಸೇರಬೇಕಿತ್ತು, ಎಲ್ಲಿಗೆ ಹೋಗುತ್ತಿದೆ?

ಖರ್ಚು-ವೆಚ್ಚದ ಭಾಗ ತೆಗೆಯುವಾಗ ಮಾತ್ರ ಎಚ್ಚರ ಬೇಕು. ಒಣ ಅಂಕಿಗಳ ನಡುವೆ ಒಂದು ಆಕ್ಷೇಪಕ್ಕೆ ಉತ್ತರ ಅಡಗಿದೆ. ‘ಹೂಳು ತೆಗೆದರೆ ನೀರು ಜಾಸ್ತಿ ನಿಲ್ಲುತ್ತದಲ್ಲ?’ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಲ್ಲುತ್ತದೆ, ಆದರೆ ನೀರು ಬಂದರೆ ತಾನೆ? ಈ ಉತ್ತರಕ್ಕೆ ಅರ್ಧ ನಿಮಿಷ ಕೊಡಲೇಬೇಕು. ಭಾಷಣ ಇಳಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕಥೆ ರುಚಿಯಾಗಿದೆ ಎಂದು ಉಳಿಸಿಕೊಂಡು, ಆಕ್ಷೇಪದ ಉತ್ತರವನ್ನು ಒಣ ಮಾತು ಎಂದು ಬಿಡುತ್ತಾರೆ. ಏನು ಮಾಡಬೇಕು ಎಂಬುದಕ್ಕೂ ಅರ್ಧ ನಿಮಿಷ ಸಾಕು. ಒಟ್ಟು ನಾಲ್ಕೂವರೆ. ಮಿಕ್ಕ ಅರ್ಧ ನಿಮಿಷ ಮೈಕ್ ಸರಿಮಾಡಿಕೊಳ್ಳಲು, ನಡುವೆ ಚಪ್ಪಾಳೆಗೆ.

ಇಷ್ಟಾದ ಮೇಲೆ ವಾಕ್ಯಗಳ ಸರದಿ. ಮೊದಲಿನ ಪ್ರತಿಯಲ್ಲಿ ಹೀಗಿತ್ತು ಎನ್ನಿ: ‘ನಮ್ಮ ಪೂರ್ವಿಕರು ಬಹಳ ದೂರದೃಷ್ಟಿಯಿಂದ ಕೆರೆಗಳನ್ನು ಸರಣಿಯಾಗಿ ನಿರ್ಮಿಸಿದ್ದು, ಮೇಲಿನ ಕೆರೆ ತುಂಬಿ ಕೋಡಿ ಹರಿದಾಗ ಆ ನೀರು ಕಾಲುವೆಗಳ ಮೂಲಕ ಕೆಳಗಿನ ಕೆರೆಗೆ ತಲುಪುವ ವ್ಯವಸ್ಥೆ ಇದ್ದು, ಕಾಲಕ್ರಮೇಣ ಈ ಕಾಲುವೆಗಳು ಒತ್ತುವರಿಗೆ ಒಳಗಾಗಿವೆ.’ ಬಾಯಲ್ಲಿ ಆಡಲು ಇಷ್ಟು ಸಾಕು: ‘ಮೇಲಿನ ಕೆರೆಯ ಕೋಡಿ ನೀರು ಕಾಲುವೆ ಹಿಡಿದು ನಮ್ಮ ಕೆರೆಗೆ ಬರಬೇಕು. ಆ ಕಾಲುವೆ ಮೇಲೆ ಈಗ ರಸ್ತೆ ಇದೆ.’ ಜೊತೆಗೆ ಹಳೆಯ ಕೊಂಡಿಗಳನ್ನು ಹುಡುಕಿ ತೆಗೆಯಬೇಕು. ಇತಿಹಾಸ ಬಿಟ್ಟ ಮೇಲೂ ‘ಆಗಲೇ ಹೇಳಿದ ಪಾಳೇಗಾರರ ಕಾಲದಲ್ಲಿ’ ಎಂದು ಎಲ್ಲೋ ಉಳಿದಿರುತ್ತದೆ.

ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದ ಸಮಯ ಲೆಕ್ಕಕ್ಕೆ ಬರುವುದಿಲ್ಲ, ಯಾವಾಗಲೂ ಕಡಿಮೆ ತೋರಿಸುತ್ತದೆ. ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಹೇಳಿ, ‘ನಾನು ಏನು ಹೇಳಿದೆ?’ ಎಂದು ಕೇಳಿ. ‘ಕೆರೆ ಉಳಿಸಬೇಕು ಅಂದ್ರಿ’ ಎಂದರೆ ವಾದ ಕಳೆದುಹೋಗಿದೆ. ‘ಹೂಳಿಗಿಂತ ಮೊದಲು ಕಾಲುವೆ ಅಂದ್ರಿ’ ಎಂದರೆ ಸರಿ.

ಕೆಲವು ಭಾಷಣಗಳು ಇಷ್ಟಕ್ಕೆ ಇಳಿಯುವುದಿಲ್ಲ. ಕಾಲುವೆಯ ಜೊತೆಗೆ ತೂಬಿನ ದುರಸ್ತಿ, ಏರಿಯ ಬಿರುಕು ಎಲ್ಲವನ್ನೂ ಸೇರಿಸಿ ವಾದ ಕಟ್ಟಿದ್ದರೆ ಐದು ನಿಮಿಷ ಸಾಲದು. ಆಗ ವಾಕ್ಯಗಳನ್ನು ಹಿಂಡುವುದಕ್ಕಿಂತ ವಾದವನ್ನೇ ಚಿಕ್ಕದು ಮಾಡಿ, ‘ಇವತ್ತು ಕಾಲುವೆ ಬಗ್ಗೆ ಮಾತ್ರ’ ಎಂದು ಹೇಳಿಯೇ ಶುರುಮಾಡುವುದು ಮೇಲು. ಇನ್ನು ವೇದಿಕೆ ಹತ್ತಿದ ಮೇಲೆ ‘ಮೂರೇ ನಿಮಿಷ’ ಎಂಬ ಚೀಟಿ ಬಂದರೆ? ಊರಿನ ಉದಾಹರಣೆಯ ಸುತ್ತ ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿರಿ. ಅಷ್ಟನ್ನು ದಾಟಿ, ಕಾರಣದಿಂದ ನೇರ ಆಕ್ಷೇಪದ ಉತ್ತರಕ್ಕೆ ಹೋಗಬಹುದು.