ಲ್ಯಾಬ್ ಚೀಟಿಯಲ್ಲಿ ಬಿಟ್ಟುಹೋದ ಬಣ್ಣ

‘ಎ2, ಸೆರಾಮಿಕ್, ಅರ್ಜೆಂಟ್.’
ಮುಂದಿನ ಹಲ್ಲಿನ ಕ್ರೌನ್ ಮಾಡೋಕೆ ಲ್ಯಾಬಿಗೆ ಇಷ್ಟು ಸಾಕಾ?

ಈ ಹಲ್ಲು ನೋಡಿ.
ಮೇಲಿನ ಸಾಲು, ರೋಗಿಯ ಬಲಗಡೆ, ನಂಬರ್ 11.
ರೂಟ್ ಕೆನಾಲ್ ಆಗಿ ಕಪ್ಪಿಟ್ಟಿದೆ.

ಪಕ್ಕದ ಹಲ್ಲಿಗೆ ಶೇಡ್ ಗೈಡ್ ಹಿಡಿದರೆ ಎ2 ಹೊಂದುತ್ತದೆ.
ಒಸಡಿನ ಹತ್ತಿರ ಮಾತ್ರ ಎ3.
ಚೀಟಿಯಲ್ಲಿ ಎರಡೂ ಇರಬೇಕು.
ಬಣ್ಣ ನೋಡುವುದು ಹಲ್ಲು ಕೊರೆಯುವ ಮೊದಲು.
ತುಂಬಾ ಹೊತ್ತು ಬಾಯಿ ತೆರೆದಿದ್ದರೆ ಹಲ್ಲು ಒಣಗಿ, ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಕೊರೆದ ಮೇಲೆ ಉಳಿಯುವ ಕಪ್ಪು ಬುಡ?
ಅದರ ಬಣ್ಣವನ್ನೂ ಬರೆಯಬೇಕು, ಫೋಟೋ ಸಮೇತ.
ತೆಳು ಬಿಳಿ ಸೀರೆಯೊಳಗಿನ ಕಪ್ಪು ಲಂಗದ ಹಾಗೆ,
ಅರೆಪಾರದರ್ಶಕ ಕ್ರೌನಿನೊಳಗಿಂದ ಆ ಬುಡ ಇಣುಕುತ್ತದೆ.

ಅದಕ್ಕೇ ಬರೀ ‘ಸೆರಾಮಿಕ್’ ಅಂದರೆ ಸಾಲದು.
ಲಿಥಿಯಂ ಡೈಸಿಲಿಕೇಟ್ ಬೆಳಕನ್ನು ಒಳಗೆ ಬಿಡುತ್ತದೆ.
ಇಲ್ಲಿ ಬೇಕಿರುವುದು ಕಪ್ಪನ್ನು ಮುಚ್ಚುವ ಜಿರ್ಕೋನಿಯಾ ಒಳಕವಚ, ಮೇಲೆ ಪೋರ್ಸಲಿನ್ ಪದರ.

ಇನ್ನು ಅಂಚು.
‘ಚ್ಯಾಂಫರ್, ಮುಂಭಾಗದಲ್ಲಿ ಒಸಡಿನ ಕೆಳಗೆ ಅರ್ಧ ಮಿಲಿಮೀಟರ್.’
ಜೊತೆಗೆ ಇನ್ನೊಂದು ಸಾಲು: ‘ಗೆರೆ ಸ್ಪಷ್ಟವಿಲ್ಲದಿದ್ದರೆ ಊಹಿಸಬೇಡಿ, ಫೋನ್ ಮಾಡಿ.’
ಊಹೆ ತಪ್ಪಿದರೆ ಕ್ರೌನ್ ಗಿಡ್ಡವಾಗಿ ಸಂದಿ ಉಳಿಯುತ್ತದೆ, ಇಲ್ಲವೇ ಉದ್ದವಾಗಿ ಒಸಡಿಗೆ ಒತ್ತುತ್ತದೆ.
ಅಳತೆಯಲ್ಲೇ ಗೆರೆ ಕಲಸಿಹೋಗಿದ್ದರೆ, ಮತ್ತೆ ಅಳತೆ ತೆಗೆಯುವುದೊಂದೇ ದಾರಿ.

ಕೊನೆಗೆ, ‘ಅರ್ಜೆಂಟ್’ ಎನ್ನುವುದು ತಾರೀಖಲ್ಲ.
ರೋಗಿ ಬರುವುದು 20ಕ್ಕೆ, ಸಂಜೆ 4 ಗಂಟೆಗೆ.
ಹಾಗಾದರೆ ಚೀಟಿಯಲ್ಲಿ: ‘18ರ ಸಂಜೆಯೊಳಗೆ ಕ್ಲಿನಿಕ್‌ಗೆ ತಲುಪಲಿ.’
19ರಂದು ಡಾಕ್ಟರು ಅದನ್ನು ಮಾಡೆಲ್ ಮೇಲೆ ಕೂರಿಸಿ, ಅಂಚಿನ ಸುತ್ತ ಪ್ರೋಬ್ ಆಡಿಸಿ ನೋಡುತ್ತಾರೆ.