ಕೆಲಸ ಬಿಟ್ಟ ಮೇಲೆ ಅಮ್ಮನ ವಿಮೆ ಏನಾಗುತ್ತದೆ?

ಕಂಪನಿ ಕೊಡುವ ಗುಂಪು ಆರೋಗ್ಯ ವಿಮೆಯ ದೊಡ್ಡ ಅನುಕೂಲ ಎಂದರೆ, ಹಳೆಯ ಕಾಯಿಲೆಗಳಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಅದಕ್ಕಾಗಿಯೇ ಅನೇಕರು ಸಂಬಳದಿಂದ ಹಣ ಕಡಿತವಾದರೂ ಸರಿಯೆಂದು ತಂದೆ ತಾಯಿಯ ಹೆಸರನ್ನೂ ಸೇರಿಸುತ್ತಾರೆ. ಆದರೆ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಇಡೀ ಕುಟುಂಬದ ರಕ್ಷಣೆ ಮುಗಿಯುತ್ತದೆ.

ಒಂದು ಉದಾಹರಣೆ ನೋಡೋಣ. ಮಗ ಒಂದೇ ಕಂಪನಿಯಲ್ಲಿ 4 ವರ್ಷ ದುಡಿದಿದ್ದಾನೆ. ಸಕ್ಕರೆ ಕಾಯಿಲೆ ಇರುವ 62 ವರ್ಷದ ತಾಯಿಗೆ ಅಷ್ಟೂ ಕಾಲ ಕಂಪನಿಯ ಪಾಲಿಸಿಯಲ್ಲಿ 5 ಲಕ್ಷ ರೂಪಾಯಿಯ ರಕ್ಷಣೆ ಇತ್ತು. ಈಗ ಅವರಿಗೆ ಹೊಸದಾಗಿ ಪಾಲಿಸಿ ಮಾಡಿಸಿದರೆ, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಚಿಕಿತ್ಸೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಅದರ ಬದಲು, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಇದಕ್ಕೆ ‘ಮೈಗ್ರೇಷನ್’ ಎನ್ನುತ್ತಾರೆ. ಆಗ ಕಳೆದ 4 ವರ್ಷ ಲೆಕ್ಕಕ್ಕೆ ಬರುವುದರಿಂದ 5 ಲಕ್ಷದವರೆಗೆ ಮತ್ತೆ ಕಾಯಬೇಕಿಲ್ಲ. 10 ಲಕ್ಷದ ಪಾಲಿಸಿ ತೆಗೆದುಕೊಂಡರೆ ಹೆಚ್ಚುವರಿ 5 ಲಕ್ಷಕ್ಕೆ ಮಾತ್ರ ಕಾಯುವ ಅವಧಿ ಅನ್ವಯಿಸುತ್ತದೆ.

ಇದು ತಾನಾಗಿಯೇ ಆಗುವುದಿಲ್ಲ, ಅರ್ಜಿ ಹಾಕಬೇಕು. ವಯಸ್ಸು, ಆರೋಗ್ಯ ನೋಡಿ ವಿಮಾ ಕಂಪನಿ ಪ್ರೀಮಿಯಂ ಹೆಚ್ಚಿಸಬಹುದು, ಒಪ್ಪದೆಯೂ ಇರಬಹುದು. ಆದ್ದರಿಂದ ರಾಜೀನಾಮೆ ಕೊಟ್ಟ ಕೂಡಲೇ, ನೋಟಿಸ್ ಅವಧಿಯಲ್ಲೇ ಅರ್ಜಿ ಹಾಕಿ. ತಾಯಿ ಯಾವ ದಿನಾಂಕದಿಂದ, ಎಷ್ಟು ಮೊತ್ತಕ್ಕೆ ವಿಮೆಯಲ್ಲಿದ್ದರು ಎಂಬುದನ್ನು ಎಚ್.ಆರ್. ವಿಭಾಗದಿಂದ ಬರಹದಲ್ಲಿ ಪಡೆದುಕೊಳ್ಳಿ.

ಕ್ಲೇಮ್ ತಿರಸ್ಕಾರದ ಬೀಜ ಬೀಳುವುದೂ ಈ ಅರ್ಜಿಯಲ್ಲೇ. ‘ಮೊದಲಿನಿಂದ ಕಾಯಿಲೆ ಇದೆಯೇ?’ ಎಂಬಲ್ಲಿ ‘ಇಲ್ಲ’ ಎಂದು ಬರೆದು, ಮುಂದೆ ಆಸ್ಪತ್ರೆಗೆ ಸೇರಿದಾಗ ವೈದ್ಯರು ‘10 ವರ್ಷದಿಂದ ಸಕ್ಕರೆ ಕಾಯಿಲೆ’ ಎಂದು ದಾಖಲಿಸಿದರೆ, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಹಣ ನಿಲ್ಲುತ್ತದೆ. ಕಂಪನಿಯ ವಿಮೆಯಲ್ಲಿ ಯಾರೂ ಕೇಳದಿದ್ದ ಈ ಪ್ರಶ್ನೆಗೆ ಇಲ್ಲಿ ನಿಜವನ್ನೇ ಬರೆಯಬೇಕು.

ಎಲ್ಲ ಸರಿಯಿದ್ದೂ ಕ್ಲೇಮ್ ತಿರಸ್ಕೃತವಾದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಕಾರಣ ತಿಳಿಸುವುದು ವಿಮಾ ಕಂಪನಿಯ ಕರ್ತವ್ಯ. ಆ ಪತ್ರ ಹಿಡಿದು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು.

ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇರುವವರು ಹೊಸ ಕೆಲಸದ ಸಂಬಳ ವಿಚಾರಿಸುವಾಗಲೇ, ಅಲ್ಲಿನ ವಿಮೆಯಲ್ಲಿ ಅವರಿಗೂ ಜಾಗವಿದೆಯೇ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಹಳೆಯ ಕೆಲಸದ ಕೊನೆಯ ದಿನಕ್ಕೆ ಮೊದಲೇ ಮೈಗ್ರೇಷನ್ ಅರ್ಜಿ ವಿಮಾ ಕಂಪನಿಯ ಕೈ ಸೇರಿರಲಿ.