ಎದೆಗೂಡಿನ ಗಂಡಾಂತರ

ಸ್ತನ ಕ್ಯಾನ್ಸರ್‌ಗೆ ಇಂಗ್ಲಿಷ್ ವೈದ್ಯಲೋಕದಲ್ಲಿ ಇರುವುದು ಒಂದೇ ಹೆಸರು, 'ಬ್ರೆಸ್ಟ್ ಕ್ಯಾನ್ಸರ್'. ಆದರೆ ಕೆಲವು ವರ್ಷಗಳ ಹಿಂದೆ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದ ಕೆಲವು ಪ್ರಬಂಧಗಳಲ್ಲಿ ಅದು 'ಬುಝಂ ಪೆರಿಲ್' ಆಗಿತ್ತು. ಕನ್ನಡದಲ್ಲಿ ಹೇಳುವುದಾದರೆ ಎದೆಗೂಡಿನ ಗಂಡಾಂತರ. ಮೂತ್ರಪಿಂಡದ ವೈಫಲ್ಯ ಅಂದರೆ 'ಕಿಡ್ನಿ ಫೇಲ್ಯೂರ್' ಇನ್ನೊಂದು ಕಡೆ 'ಕಿಡ್ನಿ ಡಿಸಪಾಯಿಂಟ್‌ಮೆಂಟ್' ಆಗಿತ್ತು, ಮೂತ್ರಪಿಂಡಕ್ಕೆ ನಿರಾಸೆಯಾಗಿತ್ತು! ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳಲ್ಲಿ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಹೋಗಿ 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಬಂದಿತ್ತು, ಖೋಟಾ ಪ್ರಜ್ಞೆ. 'ಬಿಗ್ ಡೇಟಾ' ಎಂಬುದು 'ಕೊಲೋಸಲ್ ಇನ್ಫರ್ಮೇಶನ್' ಎಂದು ಹಿಗ್ಗಿಕೊಂಡಿತ್ತು.

ಇವು ಅಚ್ಚಿನ ದೋಷಗಳಲ್ಲ, ಇಂಗ್ಲಿಷ್ ಬಾರದವರ ತಡವರಿಕೆಯೂ ಅಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಸಂಶೋಧಕ ವ್ಯಾಕರಣದಲ್ಲಿ ಎಡವಬಹುದು, ವಾಕ್ಯ ಸೊಟ್ಟಗಾಗಬಹುದು. ಆದರೆ ತಾನು ಹತ್ತು ವರ್ಷ ದುಡಿದ ವಿಷಯದ ಹೆಸರನ್ನೇ ಅವನು ಮರೆಯುವುದಿಲ್ಲ. ಕನ್ನಡದಲ್ಲೇ ಊಹಿಸಿಕೊಳ್ಳಿ: ಒಬ್ಬ ವೈದ್ಯರು ಲೇಖನದುದ್ದಕ್ಕೂ ರಕ್ತದೊತ್ತಡವನ್ನು 'ನೆತ್ತರಿನ ಬಲವಂತ' ಎಂದೇ ಬರೆದರೆ ಅವರು ವೈದ್ಯರು ಹೌದೋ ಅಲ್ಲವೋ ಎಂದು ನಿಮಗೆ ಅನುಮಾನ ಬಾರದೆ ಇರುತ್ತದೆಯೇ?

ಈ ಅನುಮಾನವನ್ನು ಒಂದು ತನಿಖೆಯಾಗಿ ಬೆಳೆಸಿದವರು ಮೂವರು. ಫ್ರಾನ್ಸಿನ ಟುಲೂಸ್ ವಿಶ್ವವಿದ್ಯಾಲಯದ ಗಿಯೋಮ್ ಕಬನಾಕ್, ಗ್ರೆನೋಬಲ್‌ನ ಸಿರಿಲ್ ಲಬೆ ಮತ್ತು ರಷ್ಯಾದ ಅಲೆಕ್ಸಾಂಡರ್ ಮಗಜಿನೋವ್. 2021ರ ಜುಲೈನಲ್ಲಿ ಅವರು ಪ್ರಕಟಿಸಿದ ಬರಹ ಈ ವಿಚಿತ್ರ ಪದಗುಚ್ಛಗಳಿಗೆ 'ಟಾರ್ಚರ್ಡ್ ಫ್ರೇಸಸ್' ಎಂದು ಹೆಸರಿಟ್ಟಿತು, ಹಿಂಸೆಗೆ ಒಳಗಾದ ನುಡಿಗಟ್ಟುಗಳು.

ಇಂಥ ಪ್ರಬಂಧಗಳಲ್ಲಿ ಹಲವು ಹುಟ್ಟುವುದು 'ಪೇಪರ್ ಮಿಲ್'ಗಳಲ್ಲಿ ಎಂಬುದು ಈ ಕ್ಷೇತ್ರದವರ ಅನುಮಾನ. ಪೇಪರ್ ಮಿಲ್ ಅಂದೊಡನೆ ನಮಗೆ ನೆನಪಾಗುವುದು ದಾಂಡೇಲಿ, ಭದ್ರಾವತಿ. ಇವು ಆ ಜಾತಿಯವಲ್ಲ. ಹೆಸರಿಲ್ಲದ, ಕೆಲವೊಮ್ಮೆ ಹೆಸರಿಟ್ಟುಕೊಂಡೇ ರಾಜಾರೋಷವಾಗಿ ನಡೆಯುವ, ಸಂಶೋಧನಾ ಪ್ರಬಂಧಗಳನ್ನು ತಯಾರಿಸಿ ಮಾರುವ ದಂಧೆಗಳು. ರಷ್ಯಾದ ಒಂದು ಸಂಸ್ಥೆ ತನ್ನ ಜಾಲತಾಣದಲ್ಲಿ, ಇನ್ನೂ ಪ್ರಕಟವಾಗದ ಪ್ರಬಂಧಗಳ ಲೇಖಕ ಸ್ಥಾನಗಳನ್ನು ಬಸ್ಸಿನ ಸೀಟಿನ ಹಾಗೆ ಪಟ್ಟಿ ಮಾಡಿ ಮಾರುತ್ತಿತ್ತು. ಮೊದಲ ಲೇಖಕನಾಗಲು ಒಂದು ದರ, ನಾಲ್ಕನೆಯವನಾಗಲು ಇನ್ನೊಂದು. ಗಿರಾಕಿಗಳು ಬಡ್ತಿಗೋ ಪದವಿಗೋ ಪ್ರಬಂಧದ ಸಂಖ್ಯೆ ತುಂಬಿಸಬೇಕಾದವರು. ನಮ್ಮಲ್ಲೂ ಈ ಹಸಿವಿಗೆ ಕೊರತೆಯಿಲ್ಲ. 2010ರ ಯುಜಿಸಿ ನಿಯಮಗಳು ಅಧ್ಯಾಪಕರ ಬಡ್ತಿಗೆ ಪ್ರಕಟಣೆಗಳಿಗೆ ಅಂಕ ಹಾಕುವ ಪದ್ಧತಿ ತಂದವು. 2016ರ ನಿಯಮಗಳು ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದಾದರೂ ಸಂಶೋಧನಾ ಲೇಖನ ಪ್ರಕಟವಾಗಿರಬೇಕು ಎಂದವು. ಈ ಎರಡನೆಯ ಕಡ್ಡಾಯವನ್ನು 2022ರಲ್ಲಿ ಕೈಬಿಟ್ಟರು.

ಸರಿ, ಪ್ರಬಂಧ ಕದಿಯುವವನು 'ಬ್ರೆಸ್ಟ್ ಕ್ಯಾನ್ಸರ್' ಎಂಬ ಮಾತನ್ನೇಕೆ ಕೆಡಿಸಬೇಕು? ಹಾಗೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ?

ಉತ್ತರ ಇರುವುದು ಕಳ್ಳನನ್ನು ಹಿಡಿಯಲೆಂದು ಬಾಗಿಲಲ್ಲಿ ಕೂರಿಸಿದ ಇನ್ನೊಂದು ಯಂತ್ರದಲ್ಲಿ. ಪತ್ರಿಕೆಗಳಿಗೂ ವಿಶ್ವವಿದ್ಯಾಲಯಗಳಿಗೂ ಬರುವ ಬರಹ ಮೊದಲು ಹೋಗುವುದು ಸಾಮ್ಯತೆ ಅಳೆಯುವ ತಂತ್ರಾಂಶದ ಬಳಿಗೆ. ಅದು ಈಗಾಗಲೇ ಇರುವ ಕೋಟಿಗಟ್ಟಲೆ ಪುಟಗಳ ಜೊತೆ ಹೊಸ ಬರಹವನ್ನು ಹೋಲಿಸಿ, ಶೇಕಡಾ ಇಷ್ಟು ಹೊಂದುತ್ತದೆ ಎಂದು ಅಂಕಿ ಕೊಡುತ್ತದೆ. ಭಾರತದಲ್ಲಿ ಯುಜಿಸಿಯ 2018ರ ನಿಯಮಗಳ ಪ್ರಕಾರ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡವಿಲ್ಲ; ಅಲ್ಲಿಂದ ಮೇಲೆ 40, 60 ಎಂದು ಹಂತಗಳು, ಹಂತಕ್ಕೆ ತಕ್ಕ ಶಿಕ್ಷೆ. ತಂತ್ರಾಂಶ ನೋಡುವುದು ಪದಗಳ ಸಾಲನ್ನು ಮಾತ್ರ. ವಿಚಾರ ಕದ್ದದ್ದೋ ಸ್ವಂತದ್ದೋ ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಕದ್ದ ಪ್ರಬಂಧವನ್ನು ದಾಟಿಸಬೇಕಾದರೆ ಪದಗಳ ಸಾಲನ್ನು ಮುರಿದರೆ ಸಾಕು.

ಮುರಿಯುವ ಕೆಲಸಕ್ಕೂ ಯಂತ್ರವಿದೆ. ಜಾಹೀರಾತು ಹಣಕ್ಕಾಗಿ ಒಂದೇ ಲೇಖನವನ್ನು ಹತ್ತು ವೇಷದಲ್ಲಿ ಜಾಲತಾಣಗಳಿಗೆ ಏರಿಸುವವರು ಬಳಸುತ್ತಿದ್ದ 'ಸ್ಪಿನ್ನರ್' ತಂತ್ರಾಂಶಗಳು ಬಹಳ ಹಿಂದೆಯೇ ಇದ್ದವು, ಕೆಲವು ಪುಕ್ಕಟೆಯಾಗಿಯೇ. ಅವುಗಳ ಒಳಗಿರುವುದು ಮುಖ್ಯವಾಗಿ ಒಂದು ಸಮಾನಾರ್ಥಕ ಕೋಶ. ಒಂದು ಬದಿಯಲ್ಲಿ ಬರಹ ಸುರಿದರೆ ಯಂತ್ರ ಪದ ಪದಕ್ಕೂ ಬದಲಿ ಹುಡುಕಿ ಕೂರಿಸುತ್ತದೆ. 'ರಿಸಲ್ಟ್' ಇದ್ದಲ್ಲಿ 'ಔಟ್‌ಕಮ್', 'ಶೋ' ಇದ್ದಲ್ಲಿ 'ಡೆಮಾನ್‌ಸ್ಟ್ರೇಟ್'. ಇಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದು. ಎಡವಟ್ಟಾಗುವುದು ಪಾರಿಭಾಷಿಕ ಪದ ಎದುರಾದಾಗ. ಎರಡು ಮೂರು ಪದ ಬೆಸೆದು ಒಂದೇ ಅರ್ಥ ಕೊಡುವ ಜಾಗದಲ್ಲಿ ಯಂತ್ರಕ್ಕೆ ಬೆಸುಗೆ ಕಾಣುವುದಿಲ್ಲ, ಬಿಡಿ ಪದಗಳು ಕಾಣುತ್ತವೆ.

ಒಂದನ್ನು ಬಿಡಿಸಿ ನೋಡೋಣ. ಎಂಜಿನಿಯರುಗಳು ದಿನಾ ಬಳಸುವ ಮಾತು 'ಸಿಗ್ನಲ್ ಟು ನಾಯ್ಸ್'. ಬೇಕಾದ ಸಂಕೇತ ಎಷ್ಟು, ಅದರೊಳಗೆ ಬೆರೆತ ಬೇಡದ ಗದ್ದಲ ಎಷ್ಟು ಎಂಬ ಅನುಪಾತ. ಸ್ಪಿನ್ನರ್ 'ಸಿಗ್ನಲ್' ಎಂಬುದಕ್ಕೆ ಕೋಶ ನೋಡುತ್ತದೆ. ರೈಲ್ವೆಯವರು ಬಾವುಟ ಬೀಸಿ ಸಿಗ್ನಲ್ ಕೊಡುವುದೂ ಒಂದು ಅರ್ಥ, ಆದ್ದರಿಂದ 'ಫ್ಲ್ಯಾಗ್'. 'ನಾಯ್ಸ್' ಅಂದರೆ ಗಲಾಟೆ, ಆದ್ದರಿಂದ 'ಕಮೋಶನ್'. ಕೂಡಿಸಿದರೆ 'ಫ್ಲ್ಯಾಗ್ ಟು ಕಮೋಶನ್', ಗಲಾಟೆಗೆ ಬಾವುಟ. ಇರುವೆಗಳ ನಡೆಯಿಂದ ಸ್ಫೂರ್ತಿ ಪಡೆದ 'ಆಂಟ್ ಕಾಲನಿ' ಎಂಬ ಲೆಕ್ಕದ ವಿಧಾನ ಕೂಡ ಹೀಗೆಯೇ 'ನೆಲದಡಿಯ ಹರಿದಾಡುವ ಹುಳದ ರಾಜ್ಯ' ಎಂಬರ್ಥದ ಇಂಗ್ಲಿಷ್ ಮಾತಾಗಿ ಹೊರಬಂತು. ಇದನ್ನು ಓದಿ ನಕ್ಕವರೇ ಹೆಚ್ಚು. ನನಗೆ ಮಾತ್ರ ಈ ನಗೆಯ ಹಿಂದಿನ ಸಂಗತಿ ಕಸಿವಿಸಿ ಮಾಡುತ್ತದೆ. ಪ್ರಬಂಧವೊಂದು ಅಚ್ಚಾಗುವ ಮೊದಲು ಲೇಖಕರು, ಸಂಪಾದಕರು, ಇಬ್ಬರೋ ಮೂವರೋ ವಿಷಯತಜ್ಞರು ಓದಬೇಕು. 'ಗಲಾಟೆಗೆ ಬಾವುಟ' ಅಚ್ಚಿನಲ್ಲಿ ಕಂಡಿತೆಂದರೆ ಅಷ್ಟೂ ಜನರಲ್ಲಿ ಒಬ್ಬರೂ ಗಮನವಿಟ್ಟು ಓದಿಲ್ಲ ಎಂದಾಯಿತು.

ಅದು ಹೇಗೆ ಸಾಧ್ಯ ಎಂಬುದನ್ನು ಆ ಮೂವರು ಒಂದು ಪತ್ರಿಕೆಯನ್ನೇ ಹಿಡಿದು ತೋರಿಸಿದರು. ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ 'ಮೈಕ್ರೊಪ್ರೊಸೆಸರ್ಸ್ ಆ್ಯಂಡ್ ಮೈಕ್ರೊಸಿಸ್ಟಮ್ಸ್', ಕಂಪ್ಯೂಟರ್ ಯಂತ್ರಾಂಶದ ಪತ್ರಿಕೆ. ವಿಚಿತ್ರ ಪದಗುಚ್ಛಗಳು ಅದರಲ್ಲಿ ರಾಶಿ ರಾಶಿ ಸಿಕ್ಕವು. ಬಳಿಕ ಅವರು ಪ್ರತಿ ಪ್ರಬಂಧದ ಅಡಿಯಲ್ಲಿ ಅಚ್ಚಾಗುವ ತಾರೀಖುಗಳನ್ನು ಗಮನಿಸಿದರು: ಯಾವಾಗ ಬಂತು, ಯಾವಾಗ ತಿದ್ದುಪಡಿಯಾಯಿತು, ಯಾವಾಗ ಒಪ್ಪಿಗೆಯಾಯಿತು. ಮೊದಲೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪರಿಶೀಲನೆ 2021ರ ಆರಂಭದ ಹೊತ್ತಿಗೆ ಕೆಲವೇ ವಾರಗಳಿಗೆ ಇಳಿದಿತ್ತು. ಬೇರೆ ಬೇರೆಯವರ ಹೆಸರಿನ ಪ್ರಬಂಧಗಳ ಗುಂಪುಗಳಿಗೆ ಮೂರೂ ತಾರೀಖುಗಳು ಒಂದೇ ಆಗಿದ್ದವು.

ಇವುಗಳಲ್ಲಿ ಬಹುಪಾಲು ಬಂದದ್ದು ವಿಶೇಷ ಸಂಚಿಕೆಗಳ ದಾರಿಯಿಂದ. ಇಂಥ ಸಂಚಿಕೆಗಳನ್ನು ನೋಡಿಕೊಳ್ಳುವವರು ಹೊರಗಿನ ಅತಿಥಿ ಸಂಪಾದಕರು, ಕೊನೆಯ ಒಪ್ಪಿಗೆ ಮಾತ್ರ ಪ್ರಧಾನ ಸಂಪಾದಕರದು. ಸಂಪಾದಕೀಯ ತಂತ್ರಾಂಶದ ಹೊಂದಾಣಿಕೆಯಲ್ಲಾದ ತಪ್ಪಿನಿಂದ ಪ್ರಬಂಧಗಳು ಪ್ರಧಾನ ಸಂಪಾದಕರ ಬಳಿಗೇ ಹೋಗಲಿಲ್ಲ ಎಂದು ಪ್ರಕಾಶಕರು ಹೇಳಿಕೆ ಕೊಟ್ಟರು. ಆರು ವಿಶೇಷ ಸಂಚಿಕೆಗಳ 400ಕ್ಕೂ ಹೆಚ್ಚು ಪ್ರಬಂಧಗಳ ಮೇಲೆ 'ಇವುಗಳ ಬಗ್ಗೆ ಅನುಮಾನವಿದೆ' ಎಂಬ ಷರಾ ಬಿತ್ತು. ಇದೇ ವಿಶೇಷ ಸಂಚಿಕೆಯ ಬಾಗಿಲಿನಿಂದ ಹಿಂದಾವಿ ಎಂಬ ಇನ್ನೊಂದು ಪ್ರಕಾಶನಕ್ಕೆ ನುಗ್ಗಿದ ದಂಧೆಯಿಂದಾಗಿ 2023ರಲ್ಲಿ ಅದು 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. ಅದನ್ನು ಕೊಂಡಿದ್ದ ವೈಲಿ ಕಂಪನಿ ಹಿಂದಾವಿ ಎಂಬ ಹೆಸರನ್ನೇ ಕೈಬಿಟ್ಟಿತು.

ಹುಡುಕುವ ಬಗೆ ತೀರ ಸರಳ. ಕಬನಾಕ್ ರೂಪಿಸಿದ 'ಪ್ರಾಬ್ಲಮ್ಯಾಟಿಕ್ ಪೇಪರ್ ಸ್ಕ್ರೀನರ್' ಎಂಬ ವ್ಯವಸ್ಥೆಯಲ್ಲಿ ಕೆಟ್ಟ ಪದಗುಚ್ಛಗಳ ಪಟ್ಟಿಯಿದೆ, ಪ್ರತಿಯೊಂದರ ಎದುರು ಅದರ ಸರಿಯಾದ ರೂಪವಿದೆ. ಪ್ರಕಟಿತ ಸಾಹಿತ್ಯದಲ್ಲಿ ಆ ಮಾತುಗಳಿಗಾಗಿ ಅದು ಮತ್ತೆ ಮತ್ತೆ ಜಾಲಾಡುತ್ತದೆ. ಸಿಕ್ಕಿದ ಪ್ರಬಂಧವನ್ನು ಮನುಷ್ಯರು ಓದುತ್ತಾರೆ. ಓದುವಾಗ ಪಟ್ಟಿಯಲ್ಲಿಲ್ಲದ ಹೊಸ ಮಾತು ಕಂಡರೆ ಪಟ್ಟಿಗೆ ಸೇರುತ್ತದೆ, ಅದು ಮತ್ತಷ್ಟು ಪ್ರಬಂಧಗಳನ್ನು ಎಳೆದು ತರುತ್ತದೆ. ಮನುಷ್ಯರು ಓದಲೇಬೇಕು, ಏಕೆಂದರೆ ಪದಗುಚ್ಛ ಸುಳಿವೇ ಹೊರತು ತೀರ್ಪಲ್ಲ. ಒಂದೇ ಒಂದು ಮಾತು ಬೇರೆ ಅರ್ಥದಲ್ಲಿ ನ್ಯಾಯವಾಗಿಯೇ ಬಂದಿರಬಹುದು. ಐದಾರು ಒಟ್ಟಿಗೆ ಕಂಡರೆ ಆಕಸ್ಮಿಕ ಎನ್ನುವುದು ಕಷ್ಟ. ಆಗಲೂ ಅದು ಪೇಪರ್ ಮಿಲ್ಲಿನದೇ ಎಂದು ಹೇಳಲಾಗದು. ಒಬ್ಬಂಟಿ ಕಳ್ಳನದಾಗಿರಬಹುದು, ಅಥವಾ ಸಾಮ್ಯತೆಯ ಅಂಕಿ ಇಳಿಸಿಕೊಳ್ಳಲು ತನ್ನದೇ ಹಳೆಯ ಬರಹವನ್ನು ಯಂತ್ರಕ್ಕೆ ಹಾಕಿದ ಗಾಬರಿಯ ವಿದ್ಯಾರ್ಥಿಯದೂ ಆಗಿರಬಹುದು. ಮಿಲ್ಲು ಎನ್ನಲು ಬೇರೆ ಗುರುತು ಬೇಕು: ಸಂಬಂಧವೇ ಇಲ್ಲದ ಊರುಗಳ ಲೇಖಕರು, ವಿಷಯಕ್ಕೆ ಹೊಂದದ ಉಲ್ಲೇಖಗಳ ಮೂಟೆ, ಬೇರೆ ಪ್ರಬಂಧದಲ್ಲೂ ಇರುವ ಅದೇ ಚಿತ್ರ.

ಈ ಸುಳಿವಿನ ಆಯುಷ್ಯ ಗಟ್ಟಿಯಲ್ಲ. ಚಾಟ್‌ಜಿಪಿಟಿಯಂಥ ಹೊಸ ಯಂತ್ರಗಳು ಬೆಸೆದ ಪದವನ್ನು ಬೆಸೆದಂತೆಯೇ ಇಟ್ಟು ಸುತ್ತಲಿನ ವಾಕ್ಯವನ್ನು ನಯವಾಗಿ ಬದಲಿಸಬಲ್ಲವು. ಅವುಗಳ ಕೈಯಲ್ಲಿ ಮೂತ್ರಪಿಂಡಕ್ಕೆ ನಿರಾಸೆಯಾಗುವುದಿಲ್ಲ. 2023ರಿಂದ ಸಿಕ್ಕಿಬಿದ್ದದ್ದು ಬೇರೆ ಬಗೆಯ ಎಡವಟ್ಟು. ಭೌತಶಾಸ್ತ್ರದ ಪ್ರಬಂಧವೊಂದರ ನಡುವೆ 'ರೀಜನರೇಟ್ ರೆಸ್ಪಾನ್ಸ್' ಎಂಬ ಎರಡು ಪದ ಇದ್ದವು. ಆಗಿನ ಚಾಟ್‌ಜಿಪಿಟಿಯ ಪರದೆಯ ಮೇಲಿದ್ದ ಗುಂಡಿಯ ಹೆಸರು ಅದು, ಉತ್ತರದ ಜೊತೆಗೆ ನಕಲಾಗಿ ಬಂದಿತ್ತು. ಆ ಪ್ರಬಂಧವನ್ನು ಹಿಂಪಡೆದರು. ಆದರೆ ಗುಂಡಿಯ ಹೆಸರನ್ನು ಅಳಿಸುವಷ್ಟು ಎಚ್ಚರವಿದ್ದವರು ಎಷ್ಟು ಮಂದಿ ದಾಟಿಹೋದರೋ, ಈ ದಾರಿಯಲ್ಲಿ ಅದನ್ನು ಲೆಕ್ಕ ಹಾಕಲು ಬರುವುದಿಲ್ಲ.

ಅಚ್ಚಾದ ಕೆಟ್ಟ ಮಾತು ಅಲ್ಲಿಗೇ ನಿಲ್ಲುವುದೂ ಇಲ್ಲ. 'ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೊಸ್ಕೋಪಿ' ಎಂಬ ಪದ್ಧತಿ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಆದರೂ ಹಲವು ಪ್ರಬಂಧಗಳಲ್ಲಿ ಅದು ಇದೆ ಎಂಬುದು ಮಗಜಿನೋವ್ ಕಣ್ಣಿಗೆ ಬಿತ್ತು. ಹುಡುಕಿದರೆ 1959ರ ಒಂದು ಲೇಖನದಲ್ಲಿ ಎಡ ಅಂಕಣದ 'ವೆಜಿಟೇಟಿವ್' ಮತ್ತು ಅದೇ ಸಾಲಿಗೆ ಬಲ ಅಂಕಣದ 'ಎಲೆಕ್ಟ್ರಾನ್ ಮೈಕ್ರೊಸ್ಕೋಪಿ' ಡಿಜಿಟಲ್ ಪ್ರತಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇರಾನಿನ ಪ್ರಬಂಧಗಳಿಗೆ ಇನ್ನೊಂದು ದಾರಿ ಇದ್ದಿರಬಹುದು: ಪರ್ಷಿಯನ್ ಲಿಪಿಯಲ್ಲಿ 'ಸ್ಕ್ಯಾನಿಂಗ್' ಮತ್ತು 'ವೆಜಿಟೇಟಿವ್' ಎಂಬರ್ಥದ ಪದಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ಚುಕ್ಕೆ. ಪ್ರಕಾಶಕರೊಬ್ಬರು ಈ ಮಾತನ್ನು ಮೊದಲು ಸಮರ್ಥಿಸಿಕೊಂಡದ್ದೂ ಉಂಟು. ಅಷ್ಟರಲ್ಲಿ ಭಾಷಾ ಯಂತ್ರಗಳು ಈ ಬರಹಗಳನ್ನೆಲ್ಲ ಓದಿ ಕಲಿತಿದ್ದವು. 2025ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆ 1959ರ ಲೇಖನದ ಸಾಲುಗಳನ್ನು ಅರ್ಧಕ್ಕೆ ನಿಲ್ಲಿಸಿ ಪೂರ್ತಿ ಮಾಡಲು ಕೊಟ್ಟಾಗ, ಯಂತ್ರಗಳು ತಾವಾಗಿಯೇ ಬರೆದದ್ದು ಅದೇ ಇಲ್ಲದ ಪದ್ಧತಿಯ ಹೆಸರನ್ನು.